ಫೆಸ್ಟ್‌ಗೆ ಸ್ಪಾನ್ಸರ್ ಕೇಳಿದಾಗ ಪತ್ರದಲ್ಲಿ ಬರೆದದ್ದು

ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ, ಮಷೀನ್ ಶಾಪ್‌ಗಳಿಗೆ ಬರವಿಲ್ಲ. ಕಾಲೇಜಿನ ಟೆಕ್ ಫೆಸ್ಟ್‌ಗೆ ಹಣ ಕೇಳಲು ನಾವು ಅಲ್ಲಿಗೇ ಹೋದೆವು. ಶಾಫ್ಟ್ ಮಾಡುವ ಒಂದು ಕಂಪನಿಯ ಮಾಲೀಕರು ಮೊದಲು ಕೇಳಿದ್ದು ಇಷ್ಟೇ: “ತಮ್ಮಾ, ನಿಮ್ಮ ಬ್ಯಾನರ್ ನೋಡಿ ನನ್ನ ಹತ್ರ ಯಾರು ಶಾಫ್ಟ್ ತಗೊಳ್ಳಾಕ ಬರ್ತಾರ?”

ನಿಜ ಅಲ್ವಾ? ಅವರ ಮಾಲು ಹೋಗುವುದು ಬೇರೆ ಕಾರ್ಖಾನೆಗಳಿಗೆ. ಲೋಗೋ ಎಷ್ಟು ದೊಡ್ಡದಿದ್ದರೂ ಅವರಿಗೆ ಲಾಭವಿಲ್ಲ. ಹಾಗಾಗಿ ಪತ್ರ ಕೊಡದೆ, ಅವರ ತೊಂದರೆ ಏನು ಅಂತ ಕೇಳಿದೆವು. ಹೊಸದಾಗಿ ಸೇರುವ ಹುಡುಗರಿಗೆ ಡ್ರಾಯಿಂಗ್ ಓದಲು, ಮೈಕ್ರೋಮೀಟರ್ ಹಿಡಿಯಲು ಬರುವುದಿಲ್ಲ, ಕಲಿಸುವುದರಲ್ಲೇ ತಿಂಗಳುಗಳು ಹೋಗುತ್ತವೆ ಅಂದರು.

ಪತ್ರ ಅದರ ಮೇಲೇ ನಿಂತಿತು. ಕಾಲೇಜಿನ ಹೆಗ್ಗಳಿಕೆಗೆ ಎರಡೇ ಸಾಲು. ಉಳಿದದ್ದು ಹೀಗಿತ್ತು:

“ನಿಮ್ಮ ಹೆಸರಿನಲ್ಲಿ ಅಳತೆಯ ಸ್ಪರ್ಧೆ ನಡೆಸುತ್ತೇವೆ. ನೀವು ರಿಜೆಕ್ಟ್ ಆದ ಶಾಫ್ಟ್‌ಗಳು, ಅವುಗಳ ಡ್ರಾಯಿಂಗ್ ಕೊಡಬೇಕು. ನಿಮ್ಮ ಕ್ವಾಲಿಟಿ ಇನ್‌ಸ್ಪೆಕ್ಟರ್ ತೀರ್ಪುಗಾರರು. ಚೆನ್ನಾಗಿ ಮಾಡಿದ ವಿದ್ಯಾರ್ಥಿಗಳು ಒಪ್ಪಿದರೆ ಅವರ ಬಯೋಡೇಟಾ ನಿಮಗೆ ಸಿಗುತ್ತದೆ. ಕೋರಿಕೆ ₹25,000: ಬಹುಮಾನಕ್ಕೆ 12,000, ಉಪಕರಣ ಮತ್ತು ಪ್ರಮಾಣಪತ್ರಕ್ಕೆ 8,000, ಸ್ಟಾಲ್‌ಗೆ 5,000.”

ಸ್ಪರ್ಧೆಯಲ್ಲಿ ಒಂದು ಕೊಕ್ಕೆಯೂ ಇತ್ತು. ಡ್ರಾಯಿಂಗ್‌ನಲ್ಲಿ ಶಾಫ್ಟ್‌ನ ವ್ಯಾಸ 25 ಮಿ.ಮೀ., 0.02ರವರೆಗೆ ಕಡಿಮೆಯಾದರೆ ಸರಿ, ಒಂದಿಷ್ಟೂ ಜಾಸ್ತಿಯಾಗಬಾರದು. ಮೇಜಿನ ಮೇಲೆ ವರ್ನಿಯರ್, ಮೈಕ್ರೋಮೀಟರ್ ಎರಡೂ ಇರುತ್ತವೆ. ಸಾಮಾನ್ಯ ವರ್ನಿಯರ್ ಓದುವ ಕನಿಷ್ಠ ಅಳತೆಯೇ 0.02, ಅದನ್ನು ನಂಬಿ ಶಾಫ್ಟ್ ಪಾಸು ಮಾಡಲು ಆಗುವುದಿಲ್ಲ, ಇನ್ನೂ ಸೂಕ್ಷ್ಮವಾಗಿ ಅಳೆಯುವ ಮೈಕ್ರೋಮೀಟರೇ ಬೇಕು. ಸುಮ್ನೆ ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುವವರು ಯಾರು, ಮೊದಲು ಡ್ರಾಯಿಂಗ್ ನೋಡುವವರು ಯಾರು ಅಂತ ಇನ್‌ಸ್ಪೆಕ್ಟರ್‌ಗೆ ಅಲ್ಲೇ ಗೊತ್ತಾಗುತ್ತದೆ. ಮಾಲೀಕರು ಒಪ್ಪಿದ್ದು ಈ ಮಾತಿಗೇ. ಇಂಟರ್‌ವ್ಯೂನಲ್ಲಿ ಇದು ಕಾಣುವುದಿಲ್ಲ ಅಂದರು.

ಕೆಲವನ್ನು ಬೇಕೆಂದೇ ಬರೆಯಲಿಲ್ಲ. ಇಷ್ಟು ಸಾವಿರ ಜನ ಬರುತ್ತಾರೆ ಅನ್ನಲಿಲ್ಲ, ಅದು ನಮ್ಮ ಕೈಯಲ್ಲಿಲ್ಲ. ಎಲ್ಲ ವಿದ್ಯಾರ್ಥಿಗಳ ಫೋನ್ ನಂಬರ್ ಕೊಡುತ್ತೇವೆ ಅಂತಲೂ ಅನ್ನಲಿಲ್ಲ, ಅದು ತಪ್ಪು. ಸಿಎಸ್ಆರ್, ಅಂದರೆ ದೊಡ್ಡ ಕಂಪನಿಗಳು ಕಾನೂನಿನಂತೆ ಸಮಾಜದ ಕೆಲಸಕ್ಕೆ ಖರ್ಚು ಮಾಡಲೇಬೇಕಾದ ಹಣದಿಂದ ಕೊಡಿ ಅಂತ ಬರೆಯೋಣ ಎಂದು ಗೆಳೆಯರು ಹೇಳಿದ್ದರು. ಆದರೆ ಪ್ರಚಾರದ ಲಾಭಕ್ಕಾಗಿ ಕೊಡುವ ಸ್ಪಾನ್ಸರ್‌ಶಿಪ್ ಸಿಎಸ್ಆರ್ ನಿಯಮದಡಿ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲದೆ ಸಣ್ಣ ಶಾಪ್‌ಗಳಿಗೆ ಆ ಕಡ್ಡಾಯವೇ ಇರುವುದಿಲ್ಲ. ಬ್ಯಾನರ್, ಸ್ಟಾಲ್ ಕೊಟ್ಟ ಮೇಲೆ ಅದನ್ನು ದಾನ ಅನ್ನುವುದೂ ಸರಿಯಲ್ಲ.

ಚೆಕ್ ಕಾಲೇಜಿನ ಹೆಸರಿಗೇ ಬರಬೇಕು, ವಿದ್ಯಾರ್ಥಿಯ ಖಾತೆಗಲ್ಲ. ರಸೀದಿಯ ಮೇಲೆ ಪ್ರಾಂಶುಪಾಲರ ಸಹಿ ಬೇಕು. ಕಂಪನಿಯ ಅಕೌಂಟೆಂಟ್ ಇದನ್ನೇ ಮೊದಲು ಕೇಳುತ್ತಾರೆ, ಜಿಎಸ್‌ಟಿ ಯಾರು ಕಟ್ಟಬೇಕು ಅನ್ನುವುದನ್ನೂ ಆಗಲೇ ಅವರನ್ನು ಕೇಳಿ ಖಚಿತ ಮಾಡಿಕೊಳ್ಳಿ. ಫೆಸ್ಟ್ ಮುಗಿದ ವಾರವೇ ಸ್ಟಾಲ್‌ನ ಫೋಟೋ, ಅಂಕಪಟ್ಟಿ, ಖರ್ಚಿನ ಬಿಲ್‌ಗಳ ಪ್ರತಿ ಕಳಿಸಿದೆವು. ಇನ್‌ಸ್ಪೆಕ್ಟರ್ ಇಬ್ಬರ ಬಯೋಡೇಟಾ ಕೇಳಿ ಪಡೆದರು.