ಪ್ರಿಆಂಬಲ್‌ನ ಎರಡನೇ ಎಡ್ಜ್ ಹಿಡಿದ ಮೇಲೆ ಕ್ಲಾಕ್ ಸ್ಥಿರವಾಯಿತು

ಮಂಡ್ಯದ ಕಲ್ಯಾಣ ಮಂಟಪವೊಂದರಲ್ಲಿ ವೇದಿಕೆಯಿಂದ ಆಂಪ್ ಕೋಣೆಗೆ ಗೋಡೆಯೊಳಗೆ ಹೋಗಿದ್ದ ಹಳೆಯ ಶೀಲ್ಡ್ ವೈರಿನಲ್ಲೇ ಎಸ್‌ಪಿಡಿಐಎಫ್ ತರಬೇಕಿತ್ತು. 75 ಓಮ್ ಕೇಬಲ್ ಎಳೆಯದೆ ಕ್ಲಾಕ್ ಸ್ಥಿರವಾಗಿ ನಿಲ್ಲುವುದಿಲ್ಲ ಎಂದೇ ಜೊತೆಯವರೆಲ್ಲ ಹೇಳಿದ್ದರು. ಈಗ ನಿಂತಿದೆ.

ಡೇಟಾ ಓದುವುದು ಕಷ್ಟವಾಗಲಿಲ್ಲ. 48 ಕಿಲೋಹರ್ಟ್ಸ್‌ನಲ್ಲಿ ಅರ್ಧ ಸೆಲ್ ಸುಮಾರು 163 ನ್ಯಾನೊಸೆಕೆಂಡ್. ಎಫ್‌ಪಿಜಿಎಯಲ್ಲಿ 100 ಮೆಗಾಹರ್ಟ್ಸ್‌ಗೆ ಎಣಿಸಿದರೆ ಪಲ್ಸ್‌ಗಳು 16, 33, 49ರ ಆಸುಪಾಸಿಗೆ ಬೀಳುತ್ತವೆ. 24 ಮತ್ತು 41ರಲ್ಲಿ ಗೆರೆ ಎಳೆದೆ, ಪ್ಯಾರಿಟಿ ತಪ್ಪು ಒಂದೂ ಬರಲಿಲ್ಲ.

ಕೆಟ್ಟದ್ದು ಕ್ಲಾಕ್. ವೈರಿನ ಕೊನೆಯಲ್ಲಿ ರೈಸ್ ಟೈಮ್ 130 ನ್ಯಾನೊಸೆಕೆಂಡ್ ಇತ್ತು. ಒಂದು ಅರ್ಧ ಸೆಲ್‌ನ ಪಲ್ಸ್ ಪೂರ್ತಿ ಎತ್ತರ ಮುಟ್ಟುವ ಮೊದಲೇ ಕೆಳಗಿಳಿಯುತ್ತದೆ, ಹಾಗಾಗಿ ಅದನ್ನು ಮುಗಿಸುವ ಎಡ್ಜ್ ಸುಮಾರು 4 ನ್ಯಾನೊಸೆಕೆಂಡ್ ಬೇಗ ಬರುತ್ತದೆ. ಸೋರ್ಸ್ ಕ್ಲಾಕಿಗೆ ಟ್ರಿಗರ್ ಕೊಟ್ಟು ಸ್ಕೋಪಿನಲ್ಲಿ ಪರ್ಸಿಸ್ಟೆನ್ಸ್ ಹಾಕಿದರೆ ಒಂದೇ ಎಡ್ಜ್ ಎರಡು ಗೆರೆಯಾಗಿ ಕಾಣುತ್ತದೆ. ಎಲ್ಲ ಎಡ್ಜ್‌ಗಳನ್ನೂ ಪಿಎಲ್‌ಎಲ್‌ಗೆ ಕೊಟ್ಟಾಗ ಸಣ್ಣ ಸದ್ದಿನ ಹಾಡಿನಲ್ಲೇ ಜಿಟರ್ ಹೆಚ್ಚಿತು. ಸೊನ್ನೆಯ ಹತ್ತಿರ ಸಂಕೇತ ಮೈನಸ್‌ಗೆ ಹೋದೊಡನೆ ಮೇಲಿನ ಬಿಟ್‌ಗಳೆಲ್ಲ ಒಟ್ಟಿಗೆ 1 ಆಗಿ ಸಣ್ಣ ಪಲ್ಸ್‌ಗಳು ಸಾಲುಗಟ್ಟುವುದೇ ಕಾರಣ.

ಆಮೇಲೆ ಪ್ರಿಆಂಬಲ್‌ನ ಮೊದಲ ಎಡ್ಜ್ ಮಾತ್ರ ತೆಗೆದುಕೊಂಡೆ. ಅರ್ಧ ಗುಣವಾಯಿತಷ್ಟೆ. ಅದರ ಮುಂಚೆ ಪ್ಯಾರಿಟಿ ಬಿಟ್ ಇರುತ್ತದಲ್ಲ, ಅದು 1 ಆದರೆ ಎಡ್ಜ್ ಮತ್ತೆ 4 ನ್ಯಾನೊಸೆಕೆಂಡ್ ಜರುಗುತ್ತದೆ.

ಉತ್ತರ ಎರಡನೇ ಎಡ್ಜ್‌ನಲ್ಲಿತ್ತು. ಬಿ, ಎಂ, ಡಬ್ಲ್ಯೂ ಮೂರೂ ಪ್ರಿಆಂಬಲ್‌ಗಳು 1110 ಎಂದೇ ಶುರುವಾಗುತ್ತವೆ. ಮೂರು ಅರ್ಧ ಸೆಲ್ ಒಂದೇ ಮಟ್ಟದಲ್ಲಿ ನಿಂತಾಗ ಹಿಂದಿನ ಡೇಟಾದ ನೆನಪು ವೈರಿನಲ್ಲಿ ಉಳಿಯುವುದಿಲ್ಲ. ಸಮ ಪ್ಯಾರಿಟಿಯಿಂದಾಗಿ ಆ ಎಡ್ಜ್ ಯಾವಾಗಲೂ ಒಂದೇ ದಿಕ್ಕಿನದು, ಆದ್ದರಿಂದ ಸ್ಲೈಸರ್ ಮಟ್ಟ ಸ್ವಲ್ಪ ತಪ್ಪಿದ್ದರೂ ಜಿಟರ್ ಆಗದು. ಲಾಕ್ ಆದ ಮೇಲೆ ಎಫ್‌ಪಿಜಿಎ ಪ್ರತಿ 64 ಅರ್ಧ ಸೆಲ್‌ಗೊಮ್ಮೆ ಗೇಟ್ ತೆರೆದು ಈ ಎಡ್ಜ್ ಒಂದನ್ನೇ ಫೇಸ್ ಕಂಪೇರೇಟರಿಗೆ ಬಿಡುತ್ತದೆ. 12.288 ಮೆಗಾಹರ್ಟ್ಸ್ ವಿಸಿಎಕ್ಸ್ಓವನ್ನು 128ರಿಂದ ಭಾಗಿಸಿ ಅದಕ್ಕೆ ಹೋಲಿಸುತ್ತೇನೆ. ಎರಡು ಗೆರೆ ಒಂದಾಯಿತು.

ಇನ್‌ಪುಟ್‌ಗೆ 74ಎಚ್‌ಸಿಯು04 ಹಾಕುವವರು ಹಂತಗಳನ್ನು ಎಣಿಸಿ. ಬೆಸ ಸಂಖ್ಯೆಯಾದರೆ ಸಂಕೇತ ತಲೆಕೆಳಗು. ಬೈಫೇಸ್ ಮಾರ್ಕ್ ಡೇಟಾಗೆ ಏನೂ ಆಗುವುದಿಲ್ಲ, ಆದರೆ ಇಳಿಯುವ ಎಡ್ಜ್‌ಗೆ ಕಾದಿರುವ ಕಂಪೇರೇಟರ್ ಲಾಕ್ ಆಗುವುದೇ ಇಲ್ಲ. ನನ್ನ ಎರಡು ದಿನ ಇದಕ್ಕೇ ಹೋಯಿತು.

ಎಸ್.ಪಿ. ರೋಡಿನಿಂದ ತಂದ ಸಾಮಾನಿಗೆ ನಾಲ್ಕು ಸಾವಿರದ ಹತ್ತಿರ ಆಯಿತು. ಅದರಲ್ಲಿ ಸುಟ್ಟುಹೋದ ಒಂದು ವಿಸಿಎಕ್ಸ್ಓ ಕೂಡ ಸೇರಿದೆ. ಗೇಟಿನ ಅಗಲ, ಲೂಪ್ ಫಿಲ್ಟರ್ ಮೌಲ್ಯಗಳನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. 44.1 ಕಿಲೋಹರ್ಟ್ಸ್‌ಗೆ 11.2896 ಮೆಗಾಹರ್ಟ್ಸ್‌ನ ಇನ್ನೊಂದು ವಿಸಿಎಕ್ಸ್ಓ ಬೇಕು. 96 ಕಿಲೋಹರ್ಟ್ಸ್ ಪ್ರಯತ್ನಿಸಿದೆ, ಆಗಲಿಲ್ಲ: ಅಲ್ಲಿ ಅರ್ಧ ಸೆಲ್ 81 ನ್ಯಾನೊಸೆಕೆಂಡ್ ಮಾತ್ರ, ಈ ವೈರಿನಲ್ಲಿ ಸಣ್ಣ ಪಲ್ಸ್ ಅರ್ಧ ಎತ್ತರಕ್ಕೇ ಸೋಲುತ್ತದೆ.