ವಾರಾಂತ್ಯದ ಪೊದೆ ಮೆಣಸು: ನೌಕರಿ ಬಿಡದೆ ನಾನು ಮಾಡಿದ್ದು

ಬೆಳಿಗ್ಗೆ ಕುಂಬಳೆಯಿಂದ ರೈಲು, ಮಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸ, ವಾಪಸ್ ಬರುವಾಗ ಕತ್ತಲೆ. ಹೀಗಿರುವವನಿಗೆ ದಿನಾ ನೀರು ಕೇಳುವ ಸೈಡ್ ಬಿಸಿನೆಸ್ ಆಗುವುದಿಲ್ಲ. ಐದಾರು ದಿನ ಮುಟ್ಟದೇ ಇದ್ದಷ್ಟೂ ಚೆನ್ನಾಗಿ ಆಗುವ ಕೆಲಸ ಬೇಕು. ಅದು ನನಗೆ ಪೊದೆ ಮೆಣಸಿನಲ್ಲಿ, ಅಂದರೆ ಕರಿಮೆಣಸಿನ ಅಡ್ಡ ಗೆಲ್ಲಿಗೆ ಬೇರು ಬರಿಸಿ, ಬಳ್ಳಿಯಾಗದೆ ಕುಂಡದಲ್ಲೇ ಪೊದೆಯಾಗಿ ಬೆಳೆಯುವ ಗಿಡದಲ್ಲಿ ಸಿಕ್ಕಿತು. "ಅಡ್ಡ ಗೆಲ್ಲಿಗೆ ಬೇರು ಬರಿಸುವುದು ವಾರಕ್ಕೊಮ್ಮೆ ನೋಡುವವನ ಕೈಯಲ್ಲಿ ಆಗುವ ಕೆಲಸ ಅಲ್ಲ ಮಾರಾಯ" ಅಂತ ದೊಡ್ಡಪ್ಪ ಹೇಳಿದ್ದರು. ಈಗ ಅವರೇ ನನ್ನ ಹತ್ತಿರ ಗಿಡ ಕೇಳುತ್ತಾರೆ.

ಹಬ್ಬುವ ಬಳ್ಳಿ ಸುಲಭವಾಗಿ ಬೇರು ಬಿಡುತ್ತದೆ, ಕಾಯಿ ಬಿಡುವ ಅಡ್ಡ ಗೆಲ್ಲು ಸತಾಯಿಸುತ್ತದೆ ಅಂತ ನಿಮಗೆ ಗೊತ್ತೇ ಇದೆ. ಮೊದಲ ಸಲ ಮಣ್ಣಿನ ತೊಟ್ಟೆಗಳಲ್ಲಿ ನೆಟ್ಟು ನೆರಳು ಬಲೆಯ ಕೆಳಗೆ ಇಟ್ಟೆ. ಅಮ್ಮ ದಿನಾ ನೀರು ಹಾಕಿದರು. ಜೂನ್ ಮಳೆ ಶುರುವಾದದ್ದೇ ತಡ, ಬುಡದಿಂದ ಮೇಲಕ್ಕೆ ಕಪ್ಪಾಗಿ ಎಲ್ಲ ಕೊಳೆಯಿತು. ಮುಂದಿನ ವರ್ಷ ಬೇಸಿಗೆಯಲ್ಲಿ ನೆಟ್ಟೆ, ಗಂಟು ಗಂಟಿಗೆ ಉದುರಿ ಒಣಗಿತು. ಎರಡೂ ಸೇರಿ ₹6,000 ಹತ್ತಿರ ಹೋಯಿತು.

ದಾರಿ ಸಿಕ್ಕಿದ್ದು ಮಣ್ಣು ಬಿಟ್ಟು ತೆಂಗಿನ ನಾರಿನ ಹುಡಿಗೆ ಬಂದಾಗ. ಕೊಯ್ಲು ಮುಗಿದ ಮೇಲೆ ಒಂದು ವರ್ಷದ ಗೆಲ್ಲು, ಮೂರರಿಂದ ಐದು ಗಂಟು ಇರುವಂಥದ್ದು ಆರಿಸುತ್ತೇನೆ. ತುದಿಯ ಎಲೆ ಬಿಟ್ಟು ಉಳಿದದ್ದು ಕತ್ತರಿಸಿ, ಬುಡವನ್ನು 1000 ಪಿಪಿಎಂ ಐಬಿಎ ಎಂಬ ಬೇರು ಬರಿಸುವ ಹಾರ್ಮೋನಿನಲ್ಲಿ ಅದ್ದುತ್ತೇನೆ. ಅದಕ್ಕೂ ಮೊದಲು ಗೆಲ್ಲಿಗೆ ಮಾಡುವ ಒಂದು ಸಣ್ಣ ಕೆಲಸ ಇದೆ, ಅದು ನನ್ನಲ್ಲೇ ಇರಲಿ. ಪಾರದರ್ಶಕ ಪ್ಲಾಸ್ಟಿಕ್ ತೊಟ್ಟೆಯ ಮೂರನೇ ಒಂದು ಭಾಗಕ್ಕೆ ತೊಳೆದ ನಾರಿನ ಹುಡಿ ತುಂಬಿ, ಗೆಲ್ಲು ಊರಿ, ಬಾಯಿ ಬಿಗಿಯಾಗಿ ಕಟ್ಟಿ, ಅಡಿಕೆ ಮರದ ನೆರಳಿನಲ್ಲಿ ಇಡುವುದು. ಅಷ್ಟೇ. ವಾರವಿಡೀ ಬಿಚ್ಚಬಾರದು.

ಎಲ್ಲ ನಿಂತಿರುವುದು ಹುಡಿಯ ಪಸೆಯ ಮೇಲೆ. ಮುಷ್ಟಿಯಲ್ಲಿ ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಭಾನುವಾರ ಹೊರಗಿನಿಂದಲೇ ನೋಡಿದರೆ ಸಾಕು. ಒಳಗೆ ಹನಿ ಕಟ್ಟಿದ್ದರೆ ಸರಿ, ತಳದಲ್ಲಿ ನೀರು ನಿಂತಿದ್ದರೆ ಕೊಳೆಯುತ್ತದೆ. ಎಲೆ ಉದುರಿದರೂ ಗಂಟು ಹಸಿರಿದ್ದರೆ ಗಾಬರಿ ಬೇಡ, ಗಂಟೇ ಕಪ್ಪಾಗಿದ್ದರೆ ಆ ತೊಟ್ಟೆಯನ್ನು ದೂರ ಎಸೆಯಿರಿ. ಸುಮಾರು ನಲ್ವತ್ತು ದಿನಕ್ಕೆ ಬಿಳಿ ಬೇರು ಪ್ಲಾಸ್ಟಿಕ್ ಮೂಲಕವೇ ಕಾಣುತ್ತದೆ.

ಆಮೇಲೆ ಮತ್ತೊಂದು ಗಂಡಾಂತರ. ತೊಟ್ಟೆಯಿಂದ ತೆಗೆದು ಕುಂಡಕ್ಕೆ ಹಾಕಿದ ಗಿಡ ಬಯಲಲ್ಲಿಟ್ಟರೆ ಎರಡೇ ದಿನಕ್ಕೆ ಬಾಡುತ್ತದೆ. ಶನಿವಾರ ಸಂಜೆ ಮಣ್ಣು, ಮರಳು, ಹಟ್ಟಿಗೊಬ್ಬರದ ಮಿಶ್ರಣಕ್ಕೆ ನೆಟ್ಟು ಮೇಲೆ ಪ್ಲಾಸ್ಟಿಕ್ ಗೂಡು ಕಟ್ಟುತ್ತೇನೆ. ಮೊದಲ ವಾರ ಪೂರ್ತಿ ಮುಚ್ಚಿರುತ್ತದೆ, ಮುಂದಿನ ಶನಿವಾರ ಒಂದು ಬದಿ ಎತ್ತುತ್ತೇನೆ, ಅದರ ಮುಂದಿನ ವಾರ ತೆಗೆಯುತ್ತೇನೆ. ಮೂರು ವಾರಾಂತ್ಯಕ್ಕೆ ಸರಿಯಾಗಿ ಹೊಂದುತ್ತದೆ ಅಲ್ವಾ? ಅಲ್ಲಿಂದ ಮುಂದೆ ನೀರಿನ ಕೆಲಸ ಅಮ್ಮನದು, ಹೆಚ್ಚಿನದನ್ನು ಮಳೆಯೇ ನೋಡಿಕೊಳ್ಳುತ್ತದೆ.

ಕೈ ಹಿಡಿದ ಮೊದಲ ವರ್ಷದ ಲೆಕ್ಕ ನೆನಪಿನಿಂದ ಹೇಳುತ್ತೇನೆ. 300 ಗೆಲ್ಲು ಹಾಕಿದ್ದೆ, 190ರಷ್ಟು ಬೇರು ಬಿಟ್ಟವು, ಕುಂಡದಲ್ಲಿ ಉಳಿದದ್ದು 160, ಮಾರಿದ್ದು 140ರ ಹತ್ತಿರ. ಸರಾಸರಿ ₹130 ಹಿಡಿದರೆ ₹18,000, ಖರ್ಚು ₹5,500 ಆಗಿರಬೇಕು. ಕಳೆದ ವರ್ಷ ಸಾವಿರದ ಹತ್ತಿರ ಗೆಲ್ಲು ಹಾಕಿ, ಖರ್ಚು ಕಳೆದು ₹45,000 ಮೇಲೆ ಉಳಿಯಿತು. ಇದಕ್ಕಿಂತ ಜಾಸ್ತಿ ಮಾಡುವುದಿಲ್ಲ. ಪ್ರತಿ ಗೆಲ್ಲು ಕತ್ತರಿಸಿದಾಗಲೂ ತಾಯಿ ಬಳ್ಳಿಯ ಫಸಲು ಅಷ್ಟು ಕಡಿಮೆಯಾಗುತ್ತದೆ. ಒಂದು ಬಳ್ಳಿಯಿಂದ ಕೆಳಗಿನ ನಾಲ್ಕೈದು ಗೆಲ್ಲು ಮಾತ್ರ ತೆಗೆಯುತ್ತೇನೆ.

ನಡುವೆ ಹಿಪ್ಪಲಿ ಕಸಿಯನ್ನೂ ಮಾಡಿ ನೋಡಿದೆ. ಬ್ರೆಜಿಲಿನ ಕಾಡು ಹಿಪ್ಪಲಿ ಕಾಂಡಕ್ಕೆ ಮೆಣಸು ಕಟ್ಟಿದರೆ ಬುಡ ಕೊಳೆ ರೋಗದ ಕಾಟವಿಲ್ಲ, ಕಸಿಯೂ ಚೆನ್ನಾಗಿ ಕೂತಿತು. ಆದರೆ ಅದಕ್ಕೆ ಬೇಸಿಗೆಯಲ್ಲಿ ನೀರು ತಪ್ಪಬಾರದು. ಹೊಳೆ ಬದಿಯ ತೋಟದವರಿಗೆ ಬಹಳ ಒಳ್ಳೆಯದು, ಫ್ಲಾಟಿನವರಿಗೆ ನಾನು ಕೊಡುವುದಿಲ್ಲ.

ಮಾರುವಾಗ ಕದಿರು ಬಂದ ಮೇಲೆಯೇ ಮಾರಿ. ಬರೀ ಎಲೆಯ ಗಿಡಕ್ಕೆ ₹80 ಕೊಡಲು ಚೌಕಾಸಿ ಮಾಡುವವರೇ ಕಾಳು ಕಂಡರೆ ₹150 ಕೊಡುತ್ತಾರೆ. ಪಣಿಯೂರು-1 ತಳಿಯ ಉದ್ದ ಕದಿರಿಗೆ ಬೇಡಿಕೆ ಜಾಸ್ತಿ, ಆದರೆ ಅದಕ್ಕೆ ಬೆಳಕು ಬೇಕು. ನೆರಳಿನ ಬಾಲ್ಕನಿಗೆ ಕರಿಮುಂಡವೇ ಸರಿ, ಕೇಳಿ ತಿಳಿದು ಕೊಡುತ್ತೇನೆ. ಬುಡದಿಂದ ಹಬ್ಬುವ ಕುಡಿ ಬಂದರೆ ಚಿವುಟಿ ಅಂತ ಒಂದು ಚೀಟಿಯನ್ನೂ ಅಂಟಿಸುತ್ತೇನೆ. ಇಲ್ಲದಿದ್ದರೆ ಆರು ತಿಂಗಳಿಗೆ "ನೀವು ಬಳ್ಳಿ ಕೊಟ್ಟಿದ್ದೀರಿ" ಅಂತ ಫೋನ್ ಬರುತ್ತದೆ.

ಲೆಕ್ಕದವನಾಗಿ ಇನ್ನೊಂದು ಮಾತು. ಗಿಡಕ್ಕೆ ಜಿಎಸ್‌ಟಿ ಇಲ್ಲ. ನಾವೇ ನರ್ಸರಿಯಲ್ಲಿ ಬೆಳೆಸಿದ ಸಸಿಯ ಆದಾಯ 2008ರ ಹಣಕಾಸು ಕಾಯ್ದೆಯ ತಿದ್ದುಪಡಿಯಿಂದ ಕೃಷಿ ಆದಾಯವೇ. ಆದರೂ ₹5,000 ದಾಟಿದರೆ ಸಂಬಳದ ಜೊತೆ ಸೇರಿಸಿ ತೆರಿಗೆ ದರ ಲೆಕ್ಕ ಹಾಕುವ ಸಂದರ್ಭ ಬರಬಹುದು, ರಿಟರ್ನಿನಲ್ಲಿ ತೋರಿಸಿ. ಬೇರೆಯವರಿಂದ ಕೊಂಡು ಮಾರಿದ ಗಿಡವನ್ನು ಇದರಲ್ಲಿ ಬೆರೆಸಬೇಡಿ, ಅದು ವ್ಯಾಪಾರದ ಲೆಕ್ಕ.