ಸೀಟು ಮೊದಲು, ಹೆಸರು ಆಮೇಲೆ: 39 ಜನರನ್ನು ಒಂದೇ ಕಾನ್ಫರೆನ್ಸ್‌ಗೆ ಕಳಿಸಿದ ಅನುಭವ

ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಅಡ್ಮಿನ್ ಕೆಲಸ ನೋಡಿಕೊಳ್ಳುತ್ತೇನೆ. ಕಳೆದ ವರ್ಷ ಹೈದರಾಬಾದಿನಲ್ಲಿ ಎರಡು ದಿನದ ಒಂದು ಕಾನ್ಫರೆನ್ಸ್ ಇತ್ತು. ನಮ್ಮಿಂದ ಜಾಸ್ತಿ ಜನ ಹೋಗಬೇಕು ಎಂದು ತೀರ್ಮಾನವಾಯಿತು. ರಿಜಿಸ್ಟ್ರೇಷನ್, ಬಿಲ್, ಬ್ಯಾಡ್ಜ್ ಎಲ್ಲ ನನ್ನ ಪಾಲಿಗೆ ಬಂತು.

ಅದರ ಹಿಂದಿನ ವರ್ಷವೂ ಇದೇ ಕೆಲಸ ಮಾಡಿದ್ದೆ. ಆಗ ಮೊದಲು ಎಲ್ಲರ ಹೆಸರು ಬರಲಿ, ಆಮೇಲೆ ಟಿಕೆಟ್ ಕೊಳ್ಳೋಣ ಎಂದು ಕಾದೆ. ಹೆಸರು ಪೂರ್ತಿ ಬರುವಷ್ಟರಲ್ಲಿ ಅರ್ಲಿ ಬರ್ಡ್ ದರ ಮುಗಿದಿತ್ತು. ಪೂರ್ತಿ ದರಕ್ಕೆ 30 ಟಿಕೆಟ್ ಕೊಂಡೆವು, ಬಂದದ್ದು 24 ಜನ. ಹಾಗಾಗಿ ಈ ಸಲ ಕ್ರಮವನ್ನೇ ತಿರುಗಿಸಿದೆ. ಮೊದಲು ಸೀಟು, ಆಮೇಲೆ ಹೆಸರು.

ದರಗಳು ಹೀಗಿದ್ದವು. ಅರ್ಲಿ ಬರ್ಡ್‌ನಲ್ಲಿ ಒಬ್ಬರಿಗೆ 6,000 ರೂಪಾಯಿ. ಆಮೇಲೆ 8,000. ಒಂದೇ ಆರ್ಡರ್‌ನಲ್ಲಿ ಹತ್ತು ಅಥವಾ ಜಾಸ್ತಿ ಟಿಕೆಟ್ ತಗೊಂಡರೆ ಶೇ. 10 ಗ್ರೂಪ್ ರಿಯಾಯಿತಿ. ಕೇಳೋಕೆ ಚೆನ್ನಾಗಿದೆ, ಆದರೆ ಆ ರಿಯಾಯಿತಿ 8,000ದ ಮೇಲೆ ಮಾತ್ರ, ಅಂದರೆ 7,200. ಅರ್ಲಿ ಬರ್ಡ್ ಜೊತೆಗೆ ಅದು ಸೇರುವುದಿಲ್ಲ. ಗ್ರೂಪ್ ದರ ಅಂದ ತಕ್ಷಣ ಅದೇ ಅಗ್ಗ ಅಂದುಕೊಳ್ಳಬೇಡಿ. ಎರಡನ್ನೂ ಪಕ್ಕಪಕ್ಕ ಬರೆದು ನೋಡಿ.

ಬರುತ್ತೇವೆ ಅಂದವರು 46 ಜನ. ಎಷ್ಟು ಸೀಟು ಕೊಳ್ಳಬೇಕು? ನಾನು ಹೀಗೆ ಯೋಚಿಸಿದೆ. ಈಗ ಕೊಂಡ ಸೀಟು ಖಾಲಿ ಉಳಿದರೆ 6,000 ಹೋಯಿತು, ಯಾಕೆಂದರೆ ಹಣ ವಾಪಸ್ ಇಲ್ಲ. ಈಗ ಕೊಳ್ಳದೆ ಆಮೇಲೆ ಬೇಕಾದರೆ 2,000 ಮಾತ್ರ ಜಾಸ್ತಿ ಆಗುತ್ತದೆ. 6,000 ಅನ್ನುವುದು 8,000ದ ಮುಕ್ಕಾಲು ಪಾಲು. ಅಂದರೆ ಒಂದು ಸೀಟು ತುಂಬುವುದು ನಾಲ್ಕಕ್ಕೆ ಮೂರು ಪಾಲಾದರೂ ಖಾತ್ರಿ ಇದ್ದರೆ ಮಾತ್ರ ಅದನ್ನು ಈಗಲೇ ಕೊಳ್ಳಬೇಕು. ಹಿಂದಿನ ವರ್ಷ ಐದರಲ್ಲಿ ನಾಲ್ಕು ಜನ ಬಂದಿದ್ದರು. ಆ ಲೆಕ್ಕದಲ್ಲಿ 46ಕ್ಕೆ ಸುಮಾರು 37. ಒಂದು ಜಾಸ್ತಿ ಇರಲಿ ಎಂದು ನಾನು 38 ಕೊಂಡೆ. ಈ ಲೆಕ್ಕ ನಿಲ್ಲುವುದು ಒಂದೇ ಷರತ್ತಿನ ಮೇಲೆ: ಹೆಸರು ಬದಲಿಸಲು ಬಿಡಬೇಕು. ಬಿಡದಿದ್ದರೆ ಪ್ರತಿ ಸೀಟೂ ಒಬ್ಬರಿಗೇ ಅಂಟಿಕೊಳ್ಳುತ್ತದೆ, ಒಬ್ಬರು ಬಿಟ್ಟರೆ ಇನ್ನೊಬ್ಬರಿಗೆ ಕೊಡಲಾಗದು. ಅದಕ್ಕೇ ದುಡ್ಡು ಕಟ್ಟುವ ಮೊದಲು ಆಯೋಜಕರಿಗೆ ಮೇಲ್ ಬರೆದು ಎರಡು ವಿಷಯ ಖಚಿತ ಮಾಡಿಕೊಂಡೆ. ಹೆಸರಿಲ್ಲದೆ ಸೀಟು ಕಾದಿರಿಸಬಹುದೇ? ಹೆಸರು ಬದಲಿಸಲು ಕೊನೆಯ ದಿನ ಯಾವುದು? ಕಾನ್ಫರೆನ್ಸ್‌ಗೆ ಏಳು ದಿನ ಮುಂಚಿನವರೆಗೆ ಉಚಿತವಾಗಿ ಬದಲಿಸಬಹುದು ಎಂದು ಉತ್ತರ ಬಂತು. ಆ ಮೇಲನ್ನು ಜೋಪಾನ ಮಾಡಿಟ್ಟೆ. ಆಮೇಲೆ ಕೌಂಟರ್‌ನಲ್ಲಿ ಅದೇ ಕೈಹಿಡಿಯಿತು.

ಬಿಲ್ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಬೆಂಗಳೂರಿನಿಂದ ಹೊರ ರಾಜ್ಯಕ್ಕೆ ಜನ ಕಳಿಸುವ ಎಲ್ಲ ಕಂಪನಿಗೂ ಇದು ಎದುರಾಗುತ್ತದೆ.

38 ಸೀಟಿಗೆ 2,28,000 ರೂಪಾಯಿ. ಶೇ. 18ರಂತೆ ಜಿಎಸ್‌ಟಿ 41,040. ಒಟ್ಟು 2,69,040. ಜಿಎಸ್‌ಟಿ ಕ್ರೆಡಿಟ್ ಸಿಗುತ್ತದೆ, ಅಷ್ಟನ್ನು ನಾವು ಕಟ್ಟುವ ತೆರಿಗೆಯಲ್ಲಿ ಕಳೆಯಬಹುದು ಎಂದುಕೊಂಡು ನಾವು ಬಜೆಟ್‌ನಲ್ಲಿ 2,28,000 ಮಾತ್ರ ಬರೆದಿದ್ದೆವು. ಬಿಲ್‌ನಲ್ಲಿ ನಮ್ಮ ಕರ್ನಾಟಕದ ಜಿಎಸ್‌ಟಿ ನಂಬರ್ ಸರಿಯಾಗಿತ್ತು. ಆದರೆ ತೆರಿಗೆ ಹಾಕಿದ್ದು ಕೇಂದ್ರದ ಸಿಜಿಎಸ್‌ಟಿ 20,520, ತೆಲಂಗಾಣದ ಎಸ್‌ಜಿಎಸ್‌ಟಿ 20,520. ಅಕೌಂಟ್ಸ್‌ನವರು ತಕ್ಷಣ ಫೋನ್ ಮಾಡಿದರು. "ಮೇಡಂ, ಬಿಲ್ ತಪ್ಪಾಗಿದೆ. ನಾವು ಬೇರೆ ರಾಜ್ಯದವರು ಅಲ್ವಾ, ಐಜಿಎಸ್‌ಟಿ ಬರಬೇಕು. ವಾಪಸ್ ಕಳಿಸಿ."

ಕಳಿಸಿದೆ. ಆಯೋಜಕರು ಬದಲಿಸಲಿಲ್ಲ. ಹೀಗೆ ಒಂದು ವಾರ ಹೋಯಿತು. ಕೊನೆಗೆ ನಮ್ಮ ಸಿಎ ಅವರನ್ನು ಕೇಳಿದೆವು. ಬಿಲ್ ಸರಿಯಾಗೇ ಇದೆ ಎಂದರು. ಐಜಿಎಸ್‌ಟಿ ಕಾಯ್ದೆಯ ಕಲಂ 12(6) ಪ್ರಕಾರ ಇಂಥ ಕಾರ್ಯಕ್ರಮಕ್ಕೆ ಪ್ರವೇಶ ಕೊಡುವ ಸೇವೆ ಎಲ್ಲಿ ಸಲ್ಲುತ್ತದೆ ಅಂದರೆ, ಕಾರ್ಯಕ್ರಮ ನಡೆಯುವ ಜಾಗದಲ್ಲಿ. ಕೊಳ್ಳುವವರ ಊರು ಅಲ್ಲಿ ಲೆಕ್ಕಕ್ಕಿಲ್ಲ. ಆಯೋಜಕರ ನೋಂದಣಿ ತೆಲಂಗಾಣದ್ದು, ಕಾರ್ಯಕ್ರಮ ತೆಲಂಗಾಣದಲ್ಲಿ. ಹಾಗಾಗಿ ಅಲ್ಲಿನ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ. ಆ ಕ್ರೆಡಿಟ್ ಕರ್ನಾಟಕದ ನೋಂದಣಿಗೆ ಸಿಗುವುದಿಲ್ಲ. ನಮ್ಮ ಖರೀದಿ ಬಿಲ್‌ಗಳ ಕ್ರೆಡಿಟ್ ತೋರಿಸುವ ಜಿಎಸ್‌ಟಿಆರ್-2ಬಿ ತೆಗೆದು ನೋಡಿದರೆ ಆ ಬಿಲ್ ಕ್ರೆಡಿಟ್ ಸಿಗದವುಗಳ ಪಟ್ಟಿಯಲ್ಲೇ ಕೂತಿತ್ತು. ಹೈದರಾಬಾದಿನಲ್ಲಿ ನಮ್ಮದೊಂದು ಶಾಖೆ, ಅದಕ್ಕೆ ಬೇರೆ ನೋಂದಣಿ ಇದ್ದು, ಆ ಶಾಖೆಯ ಜನರೇ ಹೋಗಿದ್ದರೆ ಮಾತು ಬೇರೆ. ನಮಗೆ ಅಲ್ಲಿ ಏನೂ ಇರಲಿಲ್ಲ. 41,040 ಪೂರ್ತಿ ನಮ್ಮ ಖರ್ಚಾಯಿತು. ಹೋಟೆಲ್ ಬಿಲ್‌ಗೂ ಇದೇ ಕಥೆ. ಕಟ್ಟಡ ಇರುವ ರಾಜ್ಯದ ತೆರಿಗೆಯೇ ಬೀಳುತ್ತದೆ. ಈಗ ನಾನು ಹೊರ ರಾಜ್ಯದ ಕಾನ್ಫರೆನ್ಸ್‌ಗೆ ಬಜೆಟ್ ಕೇಳುವಾಗ ತೆರಿಗೆ ಸೇರಿಸಿಯೇ ಕೇಳುತ್ತೇನೆ. ಅದೇ ಕಾರ್ಯಕ್ರಮ ಬೆಂಗಳೂರಿನಲ್ಲಿ ನಡೆದು ಆಯೋಜಕರು ಇಲ್ಲಿಯವರೇ ಆದರೆ, ಬಿಲ್ ಕಂಪನಿ ಹೆಸರಿಗೆ ಇರಬೇಕು, ಜಿಎಸ್‌ಟಿ ನಂಬರ್ ಸರಿ ಇರಬೇಕು, ಅಷ್ಟೇ. ಒಬ್ಬೊಬ್ಬರೂ ತಮ್ಮ ಕಾರ್ಡ್‌ನಲ್ಲಿ ಟಿಕೆಟ್ ಕೊಂಡು ಆಮೇಲೆ ಹಣ ಕೇಳಿದರೆ ಬಿಲ್ ಸಾಮಾನ್ಯವಾಗಿ ಅವರ ಹೆಸರಿಗೆ ಬರುತ್ತದೆ. ಆಗ ಬೆಂಗಳೂರಿನಲ್ಲಿದ್ದರೂ ಕ್ರೆಡಿಟ್ ಹೋದ ಹಾಗೆ.

ಸೀಟು ಆಯಿತು, ಬಿಲ್ ಆಯಿತು. ಇನ್ನು ಹೆಸರು.

ಆಯೋಜಕರು ಎರಡು ದಾರಿ ಕೊಟ್ಟರು. ಒಂದು, 38 ಸಲ ಬಳಸಬಹುದಾದ ಕೋಡ್ ಕೊಡುತ್ತೇವೆ, ನಿಮ್ಮವರು ತಾವೇ ನೋಂದಾಯಿಸಿಕೊಳ್ಳಲಿ. ಇನ್ನೊಂದು, ನೀವೇ ಒಂದು ಸಿಎಸ್‌ವಿ ಫೈಲ್ ಹಾಕಿ. ಕೋಡ್ ಸುಲಭ ಅನ್ನಿಸುತ್ತದೆ. ಆದರೆ ಹಿಂದಿನ ವರ್ಷ ನಾನು ಕೋಡ್ ಕೊಟ್ಟಿದ್ದೆ. ಯಾರೋ ಅದನ್ನು ವಾಟ್ಸಾಪ್ ಗ್ರೂಪ್‌ಗೆ ಹಾಕಿದರು. ಮೂರೇ ದಿನದಲ್ಲಿ ಎಲ್ಲ ಸಲವೂ ಮುಗಿಯಿತು. ಪಟ್ಟಿಯಲ್ಲಿದ್ದ ಆರು ಜನಕ್ಕೆ ಸೀಟೇ ಇಲ್ಲ, ಪಟ್ಟಿಯಲ್ಲಿ ಇಲ್ಲದ ಆರು ಜನ ಒಳಗೆ. ಕೋಡ್ ತಗೊಳ್ಳುವುದಾದರೆ ಕಂಪನಿಯ ಮೇಲ್ ವಿಳಾಸಕ್ಕೆ ಮಾತ್ರ ನಡೆಯುವ ಹಾಗೆ ಮಾಡಿಸಿ. ಈ ಸಲ ನಾನು ಫೈಲ್ ದಾರಿ ಹಿಡಿದೆ.

ಫೈಲ್‌ನಲ್ಲಿ ಆಯೋಜಕರು ಕೇಳಿದ್ದ ಕಾಲಂಗಳು ಇವು:

```
first_name,last_name,email,mobile,food
```

ನಮ್ಮ ಕಡೆಯ ಹೆಸರುಗಳು ಈ ಚೌಕಟ್ಟಿಗೆ ಸಲೀಸಾಗಿ ಕೂರುವುದಿಲ್ಲ. ನಮ್ಮಲ್ಲಿ ಅರ್ಧಕ್ಕರ್ಧ ಜನಕ್ಕೆ ಮನೆತನದ ಹೆಸರೇ ಇಲ್ಲ, ಇನಿಷಿಯಲ್ ಇದೆ. ಊರಿನ ಅಕ್ಷರ, ಅಪ್ಪನ ಹೆಸರಿನ ಅಕ್ಷರ. ಎಚ್. ಎನ್. ಮಂಜುನಾಥ ಅನ್ನುವವರು ಬರೆಯುವ ಕ್ರಮದಲ್ಲೇ ತುಂಬಿದರೆ ಮೊದಲ ಹೆಸರು "ಎಚ್. ಎನ್.", ಕೊನೆಯ ಹೆಸರು "ಮಂಜುನಾಥ". ಬ್ಯಾಡ್ಜ್ ಮೇಲೆ ಮೊದಲ ಹೆಸರೇ ದೊಡ್ಡ ಅಕ್ಷರದಲ್ಲಿ ಬರುತ್ತದೆ. ಹಿಂದಿನ ವರ್ಷ ನಮ್ಮವರೊಬ್ಬರು ಎರಡು ದಿನ ಕೊರಳಲ್ಲಿ ದೊಡ್ಡದಾಗಿ ಎರಡು ಇನಿಷಿಯಲ್ ಹಾಕಿಕೊಂಡು ಓಡಾಡಿದರು. ಎದುರಿಗೆ ಸಿಕ್ಕವರಿಗೆ ಅವರನ್ನು ಏನೆಂದು ಕರೆಯಬೇಕು ಗೊತ್ತಾಗಲಿಲ್ಲ. ನನಗೆ ಅದು ತುಂಬ ಬೇಜಾರಾಯಿತು. ಜನರ ಪರಿಚಯ ಮಾಡಿಕೊಳ್ಳಲಿ ಎಂದೇ ತಾನೇ ಕಳಿಸಿದ್ದು.

ಇನ್ನು ಕೆಲವರು ಕೊನೆಯ ಹೆಸರಿನ ಕಾಲಂ ಖಾಲಿ ಬಿಟ್ಟರು. ಅದು ಕಡ್ಡಾಯ. ಆ ಸಾಲುಗಳು ಅಪ್‌ಲೋಡ್ ಆಗಲೇ ಇಲ್ಲ. ಒಬ್ಬರು ಚುಕ್ಕಿ ಹಾಕಿದ್ದರು, ಅದೂ ಹೋಗಲಿಲ್ಲ. ಅದಕ್ಕೆ ನನ್ನ ಹಾಳೆಯಲ್ಲಿ ಎರಡು ಕಾಲಂ ಮಾಡಿದೆ: "ಬ್ಯಾಡ್ಜ್ ಮೇಲೆ ದೊಡ್ಡದಾಗಿ ಏನು ಇರಬೇಕು?", "ಆಧಾರ್‌ನಲ್ಲಿ ಪೂರ್ತಿ ಹೆಸರು ಹೇಗಿದೆ?" ಮೊದಲನೆಯದು ನೇರವಾಗಿ `first_name`ಗೆ ಹೋಯಿತು. ಉಳಿದ ಇನಿಷಿಯಲ್ `last_name`ಗೆ. ಬಾಗಿಲಲ್ಲಿ ಗುರುತಿನ ಚೀಟಿ ನೋಡುತ್ತಾರೆ. ಕ್ರಮ ಹಿಂದುಮುಂದಾದರೂ ಅಕ್ಷರಗಳೆಲ್ಲ ಎರಡೂ ಕಡೆ ಇದ್ದರೆ ತೊಂದರೆ ಇಲ್ಲ.

ಎಕ್ಸೆಲ್ ಇನ್ನೊಂದು ಕಾಟ ಕೊಟ್ಟಿತು. ಮೊಬೈಲ್ ನಂಬರ್‌ನ ಮುಂದೆ 91 ಸೇರಿಸಿದರೆ ಅದು ದೊಡ್ಡ ಸಂಖ್ಯೆ ಎಂದುಕೊಂಡು `9.19E+11` ಎಂದು ತೋರಿಸುತ್ತದೆ. ಹಾಗೆಯೇ ಸಿಎಸ್‌ವಿ ಆಗಿ ಉಳಿಸಿದರೆ ನಂಬರ್‌ನ ಕೊನೆಯ ಅಂಕೆಗಳು ಕಳೆದುಹೋಗುತ್ತವೆ. ನಂಬರ್ ತುಂಬುವ ಮೊದಲೇ ಆ ಕಾಲಂ ಅನ್ನು ಟೆಕ್ಸ್ಟ್ ಎಂದು ಬದಲಿಸಿಡಬೇಕು. ಮೇಲ್ ವಿಳಾಸದ ಹಿಂದೆ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಸೇರಿಕೊಂಡರೂ ಕೆಲವು ಕಡೆ ಅದು ತಪ್ಪು ವಿಳಾಸ. ಒಬ್ಬರೇ ಎರಡು ಸಲ ತುಂಬಿರುವುದೂ ಇರುತ್ತದೆ. ಅಪ್‌ಲೋಡ್ ಮಾಡುವ ಮುಂಚೆ ಪಕ್ಕದ F ಮತ್ತು G ಖಾಲಿ ಕಾಲಂಗಳಲ್ಲಿ ಇವನ್ನು ಹಾಕಿ ಕೆಳಗಿನವರೆಗೆ ಎಳೆದೆ:

```
=TRIM(C2)
=COUNTIF(F:F,F2)
```

ಮೊದಲನೆಯದು ಖಾಲಿ ಜಾಗ ತೆಗೆದ ವಿಳಾಸ ಕೊಡುತ್ತದೆ. ಎರಡನೆಯದರಲ್ಲಿ 1ಕ್ಕಿಂತ ಜಾಸ್ತಿ ಬಂದರೆ ಅದೇ ವಿಳಾಸ ಇನ್ನೊಂದು ಸಾಲಿನಲ್ಲೂ ಇದೆ ಎಂದರ್ಥ. ಹೀಗೆ ಎರಡನೇ ಸಲ ತುಂಬಿದ ಮೂರು ಸಾಲು ಸಿಕ್ಕವು. ಸುಮ್ನೆ ಬಿಟ್ಟಿದ್ದರೆ ಅಷ್ಟೂ ಸೀಟು ದಂಡ.

ಅಪ್‌ಲೋಡ್ ಆದ ಮೇಲೆ ಎಲ್ಲರಿಗೂ ಕ್ಯೂಆರ್ ಟಿಕೆಟ್ ಮೇಲ್‌ನಲ್ಲಿ ಬರಬೇಕಿತ್ತು. ಸಂಜೆಯಾದರೂ ಯಾರಿಗೂ ಬರಲಿಲ್ಲ. ಹೊರಗಿನ ಒಂದೇ ವಿಳಾಸದಿಂದ ಒಮ್ಮೆಗೇ ಅಷ್ಟು ಮೇಲ್ ಬಂದದ್ದಕ್ಕೆ ನಮ್ಮ ಮೇಲ್ ಫಿಲ್ಟರ್ ತಡೆದಿತ್ತು. ಐಟಿಯವರು ಆ ವಿಳಾಸವನ್ನು ಬಿಡುವ ಪಟ್ಟಿಗೆ ಸೇರಿಸಿದ ಮೇಲೆ ಬಂದವು. ಈಗ ಮೊದಲು ನನ್ನ ಒಂದೇ ಸಾಲನ್ನು ಅಪ್‌ಲೋಡ್ ಮಾಡಿ, ಮೇಲ್ ಬಂತಾ ನೋಡಿ, ಆಮೇಲೆ ಉಳಿದವರದ್ದು ಹಾಕುತ್ತೇನೆ.

38ರಲ್ಲಿ 35 ಹೆಸರು ಮಾತ್ರ ಹಾಕಿದ್ದೆ. ಮೂರನ್ನು ಕೊನೆಯ ದಿನದವರೆಗೆ ಖಾಲಿ ಇಟ್ಟೆ. ಕಾಯುವವರ ಪಟ್ಟಿ ಬೇರೆ ಇತ್ತು. ಏಳು ದಿನದ ಗಡುವಿನೊಳಗೆ ಒಟ್ಟು ಐದು ಜನ ಬಿಟ್ಟರು. ಒಬ್ಬರ ಪ್ರಾಜೆಕ್ಟ್ ಬಿಡುಗಡೆ ಅದೇ ವಾರ ಬಂತು, ಇನ್ನೊಬ್ಬರ ಮಗುವಿಗೆ ಜ್ವರ. ಆ ಐದು ಜಾಗ ಮತ್ತು ಖಾಲಿ ಇಟ್ಟಿದ್ದ ಮೂರು, ಎಂಟೂ ತುಂಬಿದವು. ಕೊನೆಗೆ ಒಬ್ಬರು ಹೆಚ್ಚಾದರು. ಅವರಿಗೆ 8,000 ಕೊಟ್ಟು ಟಿಕೆಟ್ ಕೊಂಡೆವು. ಗಡುವು ಮುಗಿದ ಮೇಲೆ ಇನ್ನಿಬ್ಬರು ಬಿಟ್ಟರು. ಆನ್‌ಲೈನ್‌ನಲ್ಲಿ ಬದಲಿಸಲು ಆಗಲಿಲ್ಲ. ಹಳೆಯ ಮೇಲನ್ನೇ ಮುಂದುವರಿಸಿ ಆಯೋಜಕರನ್ನು ಕೇಳಿದೆ. ಕಂಪನಿ ಪತ್ರ ತಂದರೆ ಕೌಂಟರ್‌ನಲ್ಲಿ ಬದಲಿಸಿಕೊಡುತ್ತೇವೆ ಎಂದರು. ಹಾಗೇ ಮಾಡಿಕೊಟ್ಟರು.

ಬೆಳಿಗ್ಗೆ ಒಂಬತ್ತಕ್ಕೆ ಇಷ್ಟು ಜನ ಒಂದೇ ಸಾಲಿನಲ್ಲಿ ನಿಂತರೆ ಮೊದಲ ಭಾಷಣ ಹೋದಂತೆಯೇ. ಅದಕ್ಕೆ ಅದೇ ಪತ್ರದಲ್ಲಿ ಎಲ್ಲರ ಬ್ಯಾಡ್ಜ್ ಒಟ್ಟಿಗೆ ಪಡೆಯಲು ನನಗೆ ಅಧಿಕಾರ ಕೊಟ್ಟಿದೆ ಎಂದೂ ಬರೆಸಿದ್ದೆ. ಹಿಂದಿನ ದಿನ ಸಂಜೆ ಹೋಗಿ ತಂದೆ. ರಾತ್ರಿ ಹೋಟೆಲ್‌ನ ಲಾಬಿಯಲ್ಲಿ ಹೆಸರು ಕರೆದು ಹಂಚಿದೆ. ಮಂಜುನಾಥ ಅವರ ಬ್ಯಾಡ್ಜ್ ಮೇಲೆ ಈ ಸಲ ಮಂಜುನಾಥ ಎಂದೇ ಇತ್ತು.